ಗಸಗಸೆ ಹಾಲು ಕುಡಿದು ಮಲಗುತ್ತಿದ್ದ ಕೂಸು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಬಾಣಂತಿ ಸೊಸೆ ಬಂದದ್ದು ಅತ್ತೆಯ ಮೇಲೆ ದೂರು ಹೇಳಲು. ಮಾತಿನ ನಡುವೆ, "ಎರಡು ದಿನದಿಂದ ಮಗು ಹಾಲಿಗೂ ಏಳ್ತಿಲ್ಲ ಮೇಡಂ" ಎಂದಳು. ಆರು ವಾರದ ಕೂಸು, ಸುಮಾರು 4 ಕೆಜಿ ತೂಕ. ಸಂಜೆ ಅಳು ನಿಲ್ಲದಿದ್ದಾಗ ಅತ್ತೆ ಒಂದು ಚಮಚ ಗಸಗಸೆ ನೆನೆಸಿ, ಅದೇ ನೀರಿನಲ್ಲಿ ಅರೆದು, ಹಾಲಿಗೆ ಕದಡಿ, ಸೋಸಿ ಕುಡಿಸುತ್ತಿದ್ದರು.

ಅತ್ತೆ-ಸೊಸೆ ಜಗಳದ ಮಾತು ಅಲ್ಲಿಗೇ ನಿಲ್ಲಿಸಿ, ಮಗುವನ್ನು ಮೊದಲು ಆಸ್ಪತ್ರೆಗೆ ಕಳಿಸಿದೆ. ಉಸಿರು ನಿಧಾನವಾಗುವುದು, ತುಟಿ ನೀಲಿಯಾಗುವುದು, ಕಣ್ಣಿನ ಪಾಪೆ ಚುಕ್ಕೆಯಷ್ಟಾಗುವುದು, ಎಬ್ಬಿಸಿದರೂ ಏಳದಿರುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ವೈದ್ಯರು ಒಂದು ರಾತ್ರಿ ಇಟ್ಟುಕೊಂಡು ನೋಡಿ ಕಳಿಸಿದರು. ಏನು ಕುಡಿಸಿದ್ದೀರಿ ಎಂದು ಅವರು ಕೇಳಿದಾಗ ಮುಚ್ಚಿಡಬೇಡಿ ಎಂದು ಮೊದಲೇ ಹೇಳಿದ್ದೆ.

ಮುಂದಿನ ಸಲ ಅತ್ತೆಯೂ ಬಂದರು. "ನಾಲ್ಕು ಮಕ್ಕಳಿಗೆ ಕೊಟ್ಟಿದೀನಿ, ಯಾವುದಕ್ಕೂ ಏನೂ ಆಗಿಲ್ಲ." ಸುಳ್ಳಲ್ಲ. ಅಫೀಮು ಇರುವುದು ಗಸಗಸೆ ಕಾಯಿಯ ಸಿಪ್ಪೆಯ ಹಾಲಿನಲ್ಲಿ, ಕಾಳಿನೊಳಗೆ ಅಲ್ಲ. ಕಾಯಿ ಒಡೆದು ಕಾಳು ತೆಗೆಯುವಾಗ ಆ ಹಾಲು, ಸಿಪ್ಪೆಯ ಪುಡಿ ಮೇಲೆ ಅಂಟುತ್ತದೆ. ಎಷ್ಟು ಅಂಟಿದೆ ಎಂಬುದು ಒಂದು ಮೂಟೆಯಿಂದ ಇನ್ನೊಂದಕ್ಕೆ ಬದಲು. ಹೋದ ಸಲದ ಪೊಟ್ಟಣ ಈ ಸಲದ್ದಕ್ಕೆ ಸಾಕ್ಷಿ ಆಗುವುದಿಲ್ಲ.

ಅವರ ಚಮಚದ ಲೆಕ್ಕವನ್ನೇ ಹಾಕಿ ತೋರಿಸಿದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುವ ಮಿತಿ ದಿನಕ್ಕೆ, ದೇಹದ ತೂಕದ ಕೆಜಿಗೆ 10 ಮೈಕ್ರೋಗ್ರಾಂ ಮಾರ್ಫಿನ್, ಅಂದರೆ ಅಫೀಮಿನಲ್ಲಿ ಮಂಪರು ತರುವ ಅಂಶ. ಈ ಕೂಸಿಗೆ 40. ಅಲ್ಲಿ 2022ರಿಂದ ಮಾರಾಟಕ್ಕೆ ಬಿಡುವ ಗಸಗಸೆಯಲ್ಲೇ ಗ್ರಾಂಗೆ 20 ಮೈಕ್ರೋಗ್ರಾಂವರೆಗೆ ಇರಬಹುದು. ಚಮಚಕ್ಕೆ 3 ಗ್ರಾಂ ಹಿಡಿದರೆ 60. ಎಳೆಗೂಸಿನ ಯಕೃತ್ತು, ಮೂತ್ರಪಿಂಡ ಅದನ್ನು ಬೇಗ ಹೊರಹಾಕಲಾರವು, ಹಾಗಾಗಿ ನಿತ್ಯ ಕೊಟ್ಟರೆ ನಿನ್ನೆಯದರ ಮೇಲೆ ಇಂದಿನದು ಸೇರುತ್ತದೆ. ಸೋಸಿದರೂ ಹೋಗದು, ಮಾರ್ಫಿನ್ ನೀರಿಗೆ, ಹಾಲಿಗೆ ಇಳಿದಾಗಿರುತ್ತದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನೆನೆಸಿದ ನೀರು ಚೆಲ್ಲಬೇಕಿತ್ತಾ?" ಎಂದರು. ಸರಿಯಾದ ಪ್ರಶ್ನೆ! ಆದರೆ ಚೆಲ್ಲಿದರೂ ಕೂಸಿಗೆ ಬೇಡ ಎಂದೆ. ಆರು ತಿಂಗಳವರೆಗೆ ಎದೆಹಾಲು ಸಾಕು. ಆಮೇಲೂ ನಿದ್ದೆಗೆಂದು ಗಸಗಸೆ ಕೊಡಬಾರದು. ಸಂಜೆಯ ಅಳುವಿಗೆ ತೇಗಿಸುವುದು, ಹೆಗಲ ಮೇಲೆ ಹಾಕಿಕೊಂಡು ಓಡಾಡುವುದು. ಅಳು ನಿಲ್ಲದೇ ಇದ್ದರೆ ವೈದ್ಯರು.

ಬಾಣಂತಿಗೂ ನಿತ್ಯ ಗಸಗಸೆ ಹಾಲು ಬೇಡ ಎಂದೆ, ಎದೆಹಾಲಿಗೂ ಸ್ವಲ್ಪ ಇಳಿಯುತ್ತದೆ. ಎಂದೋ ಒಂದು ದಿನ ಸಾಗುವಿಗೆ ಹಾಕಬೇಕಾದರೆ, ಬಿಸಿನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಜರಡಿಯಲ್ಲಿ ಎರಡು ಸಲ ತೊಳೆದು, ಹೊಸ ನೀರಿನಲ್ಲಿ ನುಣ್ಣಗೆ ಅರೆದು ಚೆನ್ನಾಗಿ ಕುದಿಸಬೇಕು. ಹೀಗೆ ಮಾಡಿದರೆ ಬಹುಪಾಲು ಹೋಗುತ್ತದೆ, ಪೂರ್ತಿ ಅಲ್ಲ. ಘಮ ಬರುವಷ್ಟು ಹುರಿದರೆ ಸಾಕು ಎನ್ನುವುದನ್ನು ನಂಬಬೇಡಿ. ಅಂದು ಮಗು ಎಂದಿಗಿಂತ ಹೆಚ್ಚು ಮಂಕಾಗಿದ್ದರೆ ವೈದ್ಯರಿಗೆ ತೋರಿಸಿ.

ಮನೆಗೆ ಹೋದ ಅತ್ತೆ ಉಳಿದ ಗಸಗಸೆಯನ್ನು ಮೇಲಿನ ಅಟ್ಟಕ್ಕೆ ಏರಿಸಿದ್ದಾರೆ ಎಂದು ಸೊಸೆ ಫೋನಿನಲ್ಲಿ ಹೇಳಿದಳು. ಜಗಳದ ವಿಚಾರಕ್ಕೆ ಮುಂದಿನ ವಾರ ಇಬ್ಬರೂ ಬರುತ್ತಿದ್ದಾರೆ.