ಹೊಸ ಸಾಫ್ಟ್‌ವೇರ್‌ನಿಂದ ದಾಸ್ತಾನು ನಿಜವಾಗಿ ಇಳಿದಿದೆಯಾ?

ಪ್ರಶ್ನೆ: ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲಿಗೆ ಇಆರ್‌ಪಿ ಸಾಫ್ಟ್‌ವೇರ್ ಹಾಕಿ ಆರು ತಿಂಗಳಾಯ್ತು. ದಾಸ್ತಾನು 20% ಇಳಿಯುತ್ತೆ, ಲೆಕ್ಕ ಬೇಗ ಮುಗಿಯುತ್ತೆ, ತಪ್ಪು ಕಮ್ಮಿಯಾಗುತ್ತೆ ಅಂದಿದ್ರು. ಅಳೆಯೋದು ಹೇಗೆ?

ಗೋದಾಮಿನಲ್ಲಿ ಎಷ್ಟು ಟನ್ ಇದೆ ಅಂತ ಮಾತ್ರ ನೋಡಬೇಡಿ, ಅದು ಎಷ್ಟು ದಿನಕ್ಕೆ ಸಾಕಾಗುತ್ತೆ ಅಂತ ನೋಡಿ. ಮೊದಲು 300 ಟನ್ ಶೇಂಗಾ ಇಟ್ಟು ದಿನಕ್ಕೆ 10 ಟನ್ ಅರೆಯುತ್ತಿದ್ದಿರಿ ಅಂದುಕೊಳ್ಳಿ, ಅದು 30 ದಿನದ ಮಾಲು. ಈಗ 240 ಟನ್ ಇದೆ, ಸರಿಯಾಗಿ 20% ಇಳಿದಿದೆ ಅನಿಸುತ್ತೆ, ಆದರೆ ಅರೆಯೋದೂ ದಿನಕ್ಕೆ 8 ಟನ್ನಿಗೆ ಬಂದಿದ್ದರೆ ಇದೂ 30 ದಿನದ ಮಾಲೇ ಅಲ್ವಾ? ವ್ಯಾಪಾರ ಕುಗ್ಗಿದೆ, ಅಷ್ಟೇ. ಸುಗ್ಗಿಯನ್ನು ಬೇಸಿಗೆಗೆ ಹೋಲಿಸಲೂಬೇಡಿ. ಹೋದ ವರ್ಷದ ಅದೇ ತಿಂಗಳು ತಗೊಳ್ಳಿ.

ದಿನಕ್ಕೆ 10 ಟನ್ ಅರೆಯುತ್ತಲೇ 24 ದಿನಕ್ಕೆ ಇಳಿದರೆ 60 ಟನ್ ಕಮ್ಮಿಯಾಯಿತು. ಟನ್ನಿಗೆ 60,000 ರೂಪಾಯಿ ಹಿಡಿದರೆ 36 ಲಕ್ಷ. ಸಾಫ್ಟ್‌ವೇರ್ ಮಾರುವವರು ಇದನ್ನೇ ಉಳಿತಾಯ ಅಂತ ತೋರಿಸುತ್ತಾರೆ, ಆದರೆ ಇದು ಒಂದೇ ಸಲ ಬಿಡುಗಡೆಯಾದ ಬಂಡವಾಳ. ವರ್ಷವರ್ಷ ಉಳಿಯೋದು ಅದರ ಬಡ್ಡಿ, 10% ಆದರೆ 3.6 ಲಕ್ಷ.

ಒಂದು ತಿಂಗಳ ಲೆಕ್ಕ ಮುಗಿದ ದಿನ ಅಂದರೆ ಆ ತಿಂಗಳಿಗೆ ಕೊನೆಯ ಎಂಟ್ರಿ ಬಿದ್ದ ದಿನ. ಮುಂದಿನ ತಿಂಗಳ 5ನೇ ತಾರೀಖು ಮುಗೀತು ಅಂತ ಹೇಳಿ 14ಕ್ಕೆ ಎಂಟ್ರಿ ಹಾಕಿದ್ದರೆ 14 ಅಂತಲೇ ಬರೆದುಕೊಳ್ಳಿ.

ತಪ್ಪುಗಳು ಶುರುವಿನಲ್ಲಿ ಜಾಸ್ತಿ ಕಾಣಬಹುದು, ಯಾಕಂದರೆ ಮೊದಲು ಯಾರ ಕಣ್ಣಿಗೂ ಬೀಳದಿದ್ದದ್ದನ್ನು ಈಗ ಸಿಸ್ಟಮ್ ಹಿಡಿಯುತ್ತೆ. ಹಾಗಾಗಿ ಬಿಲ್ ಹೊರಗೆ ಹೋಗೋ ಮುಂಚೆ ಸಿಕ್ಕಿದ್ದು ಬೇರೆ, ಗಿರಾಕಿ ಹೇಳಿ ಕ್ರೆಡಿಟ್ ನೋಟ್ ಕೊಟ್ಟಿದ್ದು ಬೇರೆ ಎಣಿಸಿ. ನೂರು ಬಿಲ್ಲಿಗೆ ಎರಡನೆಯದು ಎಷ್ಟು ಅನ್ನೋದನ್ನೇ ಹಿಂದಿನದಕ್ಕೆ ಹೋಲಿಸಿ.