ಕಲಬುರಗಿಯ ಬೇಸಿಗೆಯಲ್ಲಿ ಅನ್ನ ಯಾವಾಗ ತಣ್ಣಗಾಗಬೇಕು?

*ಸಂಪಾದಕರೇ, ಮಧ್ಯಾಹ್ನದ ಅನ್ನ ಉಳಿದರೆ ಪೂರ್ತಿ ತಣ್ಣಗಾದ ಮೇಲೇ ಫ್ರಿಜ್‌ನಲ್ಲಿ ಇಡಬೇಕು ಅಂತಾರೆ ನಮ್ಮ ಅತ್ತೆಯವರು. ಬಿಸಿ ಇಟ್ಟರೆ ಫ್ರಿಜ್ ಕೆಡುತ್ತದೆಯಂತೆ. ಹಾಗಾಗಿ ಡಬರಿ ಸಂಜೆವರೆಗೂ ಕಟ್ಟೆ ಮೇಲೇ ಇರುತ್ತದೆ. ಬಿಸಿ ಇದ್ದಾಗಲೇ ಇಡೋಣ ಅಂತ ನಾನು. ಮನೆಯಲ್ಲಿ ದಿನಾ ಇದೇ ಜಗಳ. ಯಾರು ಸರಿ? ಇಟ್ಟ ಅನ್ನ, ಬ್ಯಾಳಿ ಎಷ್ಟು ದಿನ ತಿನ್ನಬಹುದು? — ಓದುಗರೊಬ್ಬರು, ಕಲಬುರಗಿ*

ಮೊದಲು ಅತ್ತೆಯವರ ಪಾಲಿನದನ್ನು ಕೊಟ್ಟುಬಿಡುತ್ತೇನೆ. ಕುದಿಯುವ ಬಿಸಿಯ ದೊಡ್ಡ ಡಬರಿಯನ್ನು ಹಾಗೇ ಒಳಗೆ ತಳ್ಳಿದರೆ ಫ್ರಿಜ್ ಬಿಸಿಯಾಗುತ್ತದೆ, ಪಕ್ಕದ ಹಾಲು, ಮೊಸರು ಬೆಚ್ಚಗಾಗುತ್ತವೆ. ಅಷ್ಟು ನಿಜ. ಉಳಿದದ್ದರಲ್ಲಿ ನಾನು ನಿಮ್ಮ ಕಡೆ. ಆದರೆ ನೀವೂ ಆ ಡಬರಿಯನ್ನೇ ಇಡಬೇಕು ಅಂತಿದ್ದರೆ, ನಿಮ್ಮ ಜೊತೆಗೂ ನನ್ನದೊಂದು ಸಣ್ಣ ಜಗಳ ಇದೆ. ಅದು ಆಮೇಲೆ.

‘ಪೂರ್ತಿ ತಣ್ಣಗಾದ ಮೇಲೆ’ ಅನ್ನೋ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ, ಕಲಬುರಗಿಯ ಏಪ್ರಿಲ್‌, ಮೇ ನೋಡಿದವರು ಹೇಳಿದ್ದಂತೂ ಅಲ್ಲ. ಹೊರಗೆ 40 ಡಿಗ್ರಿ ದಾಟಿರುತ್ತದೆ. ಒಲೆ ಉರಿದು ಆರಿದ ಅಡುಗೆಮನೆ ಮಧ್ಯಾಹ್ನ ಮೂರಕ್ಕೆ 38ರ ಆಸುಪಾಸು ಇರುತ್ತದೆ. ಮುಚ್ಚಿಟ್ಟ ಡಬರಿಯ ಅನ್ನ ಅದಕ್ಕಿಂತ ಕೆಳಗೆ ಹೇಗೆ ಇಳಿಯಬೇಕು? ನೀವು ಸಂಜೆವರೆಗೆ ಕಾದರೂ ಅದು 38ರಲ್ಲೇ ಕೂತಿರುತ್ತದೆ. ಅನ್ನ ಕೆಡಿಸುವ ಜೀವಿಗೆ ಬೇಕಾದದ್ದೂ ಸುಮಾರಾಗಿ ಇಷ್ಟೇ ಬಿಸಿ.

ಆ ಜೀವಿಯ ಹೆಸರು ಬ್ಯಾಸಿಲಸ್ ಸೀರಿಯಸ್. ಮಣ್ಣಲ್ಲಿ ಇರುತ್ತದೆ, ಹೀಗಾಗಿ ಅಕ್ಕಿಯಲ್ಲೂ ಇರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಕಷ್ಟ ಬಂದಾಗ ಅದು ಬೀಜದ ಹಾಗೆ ಗಟ್ಟಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಅನ್ನ ಕುದಿಯುವಾಗ ಬೇರೆ ಎಷ್ಟೋ ಜೀವಿಗಳು ಸಾಯುತ್ತವೆ, ಈ ಚಿಪ್ಪಿನವು ಉಳಿಯುತ್ತವೆ. ಅನ್ನ 50 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದಂತೆ ಚಿಪ್ಪು ಒಡೆದು ಮೊಳೆಯುತ್ತವೆ. ಪೈಪೋಟಿಗೆ ಯಾರೂ ಇಲ್ಲ, ನೀರು ಇದೆ, ಪಿಷ್ಟ ಇದೆ. 30 ಡಿಗ್ರಿಯ ಅನ್ನದಲ್ಲಿ ಒಮ್ಮೆ ಬೆಳವಣಿಗೆ ಹಿಡಿದರೆ ಸುಮಾರು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುತ್ತದೆ. ಲೆಕ್ಕ ಹಾಕಿ ನೋಡಿ. ಐದು ಗಂಟೆಯಲ್ಲಿ ಹತ್ತು ಸಲ ದುಪ್ಪಟ್ಟಾದರೆ ಸಾವಿರ ಪಟ್ಟು ಆಯಿತು. ಗ್ರಾಂ ಅನ್ನದಲ್ಲಿ ನೂರು ಇದ್ದದ್ದು ಲಕ್ಷ ಆಯಿತು. ಲಕ್ಷ ಅಂದರೆ ಆಹಾರ ಪರೀಕ್ಷೆ ಮಾಡುವವರು ಹುಬ್ಬು ಗಂಟಿಕ್ಕುವ ಸಂಖ್ಯೆ.

‘ತಿನ್ನೋ ಮುಂಚೆ ಚೆನ್ನಾಗಿ ಬಿಸಿ ಮಾಡ್ತೀವಲ್ಲ’ ಅಂತ ಅತ್ತೆಯವರು ಹೇಳಬಹುದು. ಎಲ್ಲರೂ ಎಡವುವುದು ಇಲ್ಲೇ. ಈ ಜೀವಿ ಬೆಳೆಯುವಾಗ ಅನ್ನದಲ್ಲಿ ಒಂದು ವಿಷ ಬಿಡುತ್ತದೆ. ಸೆರಿಯುಲೈಡ್ ಅಂತ ಅದರ ಹೆಸರು. ಬಿಸಿ ಮಾಡಿದರೆ ಜೀವಿ ಸಾಯಬಹುದು, ವಿಷ ಹೋಗುವುದಿಲ್ಲ. ಒಂದು ಗಂಟೆ ಕುದಿಸಿದರೂ, ಕುಕ್ಕರ್‌ನಲ್ಲಿ ಸೀಟಿ ಹೊಡೆಸಿದರೂ ಹೋಗುವುದಿಲ್ಲ. ವಾಸನೆ ಇಲ್ಲ, ರುಚಿ ಇಲ್ಲ. ಅನ್ನ ಹಳಸಿ ನೂಲು ಬರುವ ಮೊದಲೇ ಅದು ಇರಬಹುದು. ಮೂಸಿ ನೋಡಿ ‘ಏನೂ ಆಗಿಲ್ಲ’ ಅನ್ನುವ ನಮ್ಮ ಹಳೇ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ.

ಇದು ಬೆಳಕಿಗೆ ಬಂದ ಬಗೆ ಕೇಳಿದರೆ ನಮ್ಮ ಊರಿನ ಮುಂಜಾನೆಯ ತಿಂಡಿಯೇ ಕಣ್ಣಿಗೆ ಬರುತ್ತದೆ. 1970ರ ದಶಕದ ಶುರುವಿನಲ್ಲಿ ಬ್ರಿಟನ್ನಿನ ಚೀನಿ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರಿಗೆ ಒಂದರಿಂದ ಐದು ಗಂಟೆಯೊಳಗೆ ವಾಂತಿ ಹತ್ತಿಕೊಳ್ಳುತ್ತಿತ್ತು. ಹುಡುಕುತ್ತಾ ಹೋದರೆ ಅಲ್ಲಿ ಮಾಡುತ್ತಿದ್ದದ್ದು ಇಷ್ಟೇ: ದೊಡ್ಡ ಪ್ರಮಾಣದಲ್ಲಿ ಅನ್ನ ಬೇಯಿಸಿ, ಅಡುಗೆಮನೆಯಲ್ಲೇ ಗಂಟೆಗಟ್ಟಲೆ ಬಿಡುವುದು. ಫ್ರಿಜ್‌ನಲ್ಲಿಟ್ಟರೆ ಗಂಟು ಕಟ್ಟುತ್ತದೆ, ಆಮೇಲೆ ಹುರಿಯಲು ಬಿಡಿಬಿಡಿಯಾಗಿ ಬರುವುದಿಲ್ಲ ಅನ್ನೋದು ಅವರ ಲೆಕ್ಕ. ಗಿರಾಕಿ ಬಂದಾಗ ಎಣ್ಣೆ, ಮೊಟ್ಟೆ ಹಾಕಿ ಒಂದು ನಿಮಿಷ ತಿರುವಿ ಕೊಡುತ್ತಿದ್ದರು. ಅಲ್ಲಿ ಮೊಟ್ಟೆ, ಇಲ್ಲಿ ಶೇಂಗಾ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಕಟ್ಟೆ ಮೇಲೆ ಇದ್ದ ಅನ್ನಕ್ಕೆ ಒಗ್ಗರಣೆ ಹಾಕಿ, ಲಿಂಬೆಹಣ್ಣು ಹಿಂಡಿ, ಮಕ್ಕಳ ಡಬ್ಬಿಗೆ ತುಂಬುತ್ತೇವೆ. ಮೇ ತಿಂಗಳ ರಾತ್ರಿ ಇಲ್ಲಿನ ಅಡುಗೆಮನೆ 30ಕ್ಕಿಂತ ಕೆಳಗೆ ಇಳಿದರೆ ಅದೇ ಪುಣ್ಯ. ಬೆಳಿಗ್ಗೆ ಹಿಂಡುವ ಲಿಂಬೆಹಣ್ಣು ರಾತ್ರಿ ಆದದ್ದನ್ನು ತಿದ್ದುವುದಿಲ್ಲ. ರಾತ್ರಿಯೇ ಮಜ್ಜಿಗೆಯಲ್ಲಿ ಮುಳುಗಿಸಿಟ್ಟ ಅನ್ನದ ಕತೆ ಸ್ವಲ್ಪ ಬೇರೆ. ಅದು ಬೇಗ ಹುಳಿಯಾಗುತ್ತದೆ, ಹುಳಿಯಲ್ಲಿ ಈ ಜೀವಿ ಹೆಚ್ಚು ಬೆಳೆಯಲಾರದು. ಆದರೆ ಸಂಜೆವರೆಗೆ ಹೊರಗೆ ಬಿದ್ದಿದ್ದ ಅನ್ನವನ್ನು ಮಜ್ಜಿಗೆಗೆ ಹಾಕಿ ಬಚಾವಾದೆ ಅಂದುಕೊಳ್ಳಬೇಡಿ.

ಈಗ ನಿಮ್ಮ ಡಬರಿಗೆ ಬರೋಣ. ಒಂದೂವರೆಗೆ ಊಟ ಮುಗಿಯಿತು, ಒಂದೂವರೆ ಕಿಲೋ ಅನ್ನ ಉಳಿಯಿತು ಅಂತ ಇಟ್ಟುಕೊಳ್ಳೋಣ. ಡಬರಿಯಲ್ಲಿ ಅದು ನಾಲ್ಕೈದು ಇಂಚು ದಪ್ಪ ಇರುತ್ತದೆ. ನೀವು ಹೇಳಿದ ಹಾಗೆ ಬಿಸಿಬಿಸಿಯಾಗಿ ಫ್ರಿಜ್‌ನಲ್ಲಿ ಇಟ್ಟರೂ ಅಂಚು ತಣ್ಣಗಾಗುತ್ತದೆ, ನಡುವಿನ ಮುದ್ದೆ ಬೆಚ್ಚಗೇ ಉಳಿಯುತ್ತದೆ. ರಾತ್ರಿ ಎಂಟಕ್ಕೆ ಕೈ ಹಾಕಿ ನೋಡಿ, ನಡುವೆ ಉಗುರು ಬಿಸಿ ಇನ್ನೂ ಸಿಗಬಹುದು. ನಿಮ್ಮ ಜೊತೆ ನನ್ನ ಜಗಳ ಇದೇ. ಬಿಸಿಯೋ ತಣ್ಣಗೋ ಅನ್ನೋದಕ್ಕಿಂತ ಎಷ್ಟು ದಪ್ಪ ಅನ್ನೋದು ಮುಖ್ಯ. ದಪ್ಪ ಅರ್ಧ ಮಾಡಿದರೆ ಒಳಗಿನ ಬಿಸಿ ಹೊರಬರಲು ಬೇಕಾದ ಹೊತ್ತು ಹತ್ತಿರಹತ್ತಿರ ಕಾಲು ಭಾಗಕ್ಕೆ ಇಳಿಯುತ್ತದೆ.

ಹಾಗಾಗಿ ಪರಾತ ತೆಗೆಯಿರಿ. ಜೋಳದ ಹಿಟ್ಟು ನಾದುವ ಪರಾತವೇ ಆಯಿತು, ತೊಳೆದು ಒಣಗಿದ್ದಿರಬೇಕು ಅಷ್ಟೆ. ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅದರಲ್ಲಿ ಒಂದು ಇಂಚು ದಪ್ಪಕ್ಕೆ ಹರಡಿ, ಫ್ಯಾನ್ ಕೆಳಗೆ ಇಡಿ. ಮುಚ್ಚಬೇಡಿ, ನೊಣದ ಕಾಟ ಇದ್ದರೆ ತೆಳು ಜಾಲರಿ ಸಾಕು. ಹುಟ್ಟಿನಿಂದ ಒಂದೆರಡು ಸಲ ಮೇಲೆ ಕೆಳಗೆ ಮಾಡಿ. ನಮ್ಮ ಕಡೆಯ ಒಣ ಬಿಸಿಲು ಬೈಗುಳ ತಿನ್ನುವುದೇ ಜಾಸ್ತಿ, ಇಲ್ಲಿ ಮಾತ್ರ ಅದು ಉಪಕಾರಕ್ಕೆ ಬರುತ್ತದೆ. ಒಣ ಗಾಳಿಗೆ ಅನ್ನದ ಹಬೆ ಬೇಗ ಹಾರುತ್ತದೆ, ಹಾರುವ ಹಬೆ ಬಿಸಿಯನ್ನೂ ಒಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ಕೋಣೆಗಿಂತ ತಣ್ಣಗಿರುವುದು ಇದೇ ಕಾರಣಕ್ಕೆ. ಇಪ್ಪತ್ತು ನಿಮಿಷದೊಳಗೆ ಹಬೆ ನಿಂತು ಅನ್ನ ಕೈಗೆ ಹಿತವಾಗುತ್ತದೆ. ಅಷ್ಟು ಸಾಕು, ಪೂರ್ತಿ ತಣ್ಣಗಾಗಲಿ ಅಂತ ಕಾಯಬೇಡಿ. ಎರಡು ಇಂಚಿಗಿಂತ ಆಳ ಇಲ್ಲದ ಸ್ಟೀಲ್ ಡಬ್ಬಿಗಳಿಗೆ ಹಾಕಿ ಫ್ರಿಜ್‌ನಲ್ಲಿಡಿ. ಒಂದರ ಮೇಲೊಂದು ಪೇರಿಸಬೇಡಿ. ಮೊದಲ ಒಂದು ಗಂಟೆ ಮುಚ್ಚಳ ಸಡಿಲ ಇರಲಿ, ಆಮೇಲೆ ಬಿಗಿ ಮಾಡಿ. ಎರಡೂಕಾಲರ ಒಳಗೆ ಕೆಲಸ ಮುಗಿಯಿತು. ಬೇಯಿಸಿದ್ದು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, 32 ಡಿಗ್ರಿ ದಾಟಿದ ಹವೆಯಲ್ಲಿ ಒಂದೇ ಗಂಟೆ ಅಂತ ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ನಮಗೆ ವರ್ಷದಲ್ಲಿ ಎಷ್ಟೋ ತಿಂಗಳು ಆ ಒಂದು ಗಂಟೆಯೇ ಗತಿ.

ಇದನ್ನೇನೂ ನಾನು ಹೊಸದಾಗಿ ಕಂಡುಹಿಡಿದಿಲ್ಲ. ಮದುವೆ ಅಡುಗೆಯವರನ್ನು ನೋಡಿ. ದೊಡ್ಡ ಪಾತ್ರೆಯ ಅನ್ನ ಇಳಿಸಿದ ಕೂಡಲೇ ಚಾಪೆ ಮೇಲೆ ಬಿಳಿ ಬಟ್ಟೆ ಹಾಸಿ ಸುರಿದು ಹರಡುತ್ತಾರೆ. ಬೀದರ್ ಕಡೆಯ ಒಬ್ಬ ಹಿರಿಯ ಅಡುಗೆಯವರನ್ನು ಯಾಕೆ ಅಂತ ಕೇಳಿದ್ದೆ. ‘ಅನ್ನದ ಕಾವು ಹೋಗ್ಬೇಕ್ರಿ, ಇಲ್ಲಾಂದ್ರ ರಾತ್ರಿಗೆ ಹಳಸ್ತದ’ ಅಂದರು. ಪುಸ್ತಕ ಓದಿ ಹೇಳಿದ್ದಲ್ಲ. ಈಗ ಆ ಚಾಪೆಯ ಜಾಗಕ್ಕೆ ಹಾಟ್‌ಪಾಟ್ ಬಂದಿದೆ. ಗೃಹಪ್ರವೇಶಕ್ಕೆ ಹೋದರೆ ಹಾಟ್‌ಪಾಟ್, ಮದುವೆಗೆ ಹೋದರೆ ಹಾಟ್‌ಪಾಟ್. ಅನ್ನ 60 ಡಿಗ್ರಿಗಿಂತ ಮೇಲೆ ಇರುವಷ್ಟು ಹೊತ್ತು ಅದು ಒಳ್ಳೆಯದೇ. ಆಮೇಲೆ ಬೆಚ್ಚಗೆ ಇಟ್ಟು ಆ ಜೀವಿಯನ್ನು ಸಾಕುವ ಪೆಟ್ಟಿಗೆ ಆಗುತ್ತದೆ. ಮಧ್ಯಾಹ್ನ ತುಂಬಿದ್ದನ್ನು ರಾತ್ರಿ ತೆಗೆದು ‘ಇನ್ನೂ ಬಿಸಿ ಇದೆ ನೋಡಿ’ ಅಂತ ಹೆಮ್ಮೆಪಡುವವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ.

ಫ್ರಿಜ್ ಮಾರುವವರ ಮೇಲೂ ನನ್ನದೊಂದು ದೂರು ಇದೆ. ಬಾಗಿಲ ಮೇಲೆ ಹೂವಿನ ಚಿತ್ರ ಬಿಡಿಸುತ್ತಾರೆ, ಒಳಗೆ ಎಷ್ಟು ಡಿಗ್ರಿ ಅಂತ ತೋರಿಸುವ ಪುಟ್ಟ ಮಾಪಕ ಎಷ್ಟೋ ಫ್ರಿಜ್‌ಗಳಲ್ಲಿ ಇರುವುದಿಲ್ಲ. ಗುಂಡಿಯ ಮೇಲಿನ 1, 2, 3 ಡಿಗ್ರಿ ಅಲ್ಲ. ಸಾಮಾನ್ಯವಾಗಿ ಸಂಖ್ಯೆ ಹೆಚ್ಚಿದಷ್ಟೂ ತಂಪು ಜಾಸ್ತಿ. ಇದು ತಿಳಿಯದೆ ‘1 ಅಂದರೆ ಒಂದು ಡಿಗ್ರಿ’ ಅಂತ ಬೇಸಿಗೆ ಪೂರ್ತಿ ಒಂದರಲ್ಲೇ ಇಟ್ಟವರು ಇದ್ದಾರೆ. ಒಳಗೆ 5 ಡಿಗ್ರಿ ಅಥವಾ ಕಡಿಮೆ ಇರಬೇಕು. ಒಂದು ಥರ್ಮಾಮೀಟರ್ ತಂದು, ನೀರಿನ ಲೋಟದಲ್ಲಿ ಮುಳುಗಿಸಿ ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಓದಿ. ಜ್ವರ ನೋಡುವುದು ಇದಕ್ಕೆ ಆಗುವುದಿಲ್ಲ, ಅದರಲ್ಲಿ ಅಷ್ಟು ಕೆಳಗಿನ ಅಂಕಿಗಳೇ ಇರುವುದಿಲ್ಲ.

ಇನ್ನು ಎಷ್ಟು ದಿನ ಅನ್ನೋದು. ಅನ್ನಕ್ಕೆ ಒಂದು ದಿನ ಅಂತ ಬ್ರಿಟನ್ನಿನ ಆಹಾರ ಇಲಾಖೆ ಹೇಳುತ್ತದೆ. ಉಳಿದ ಅಡುಗೆಗೆಲ್ಲ ಮೂರ್ನಾಲ್ಕು ದಿನ ಅಂತ ಅಮೆರಿಕದವರು ಕೈ ಬಿಚ್ಚಿ ಹೇಳುತ್ತಾರೆ. ಅವರ ಫ್ರಿಜ್‌ಗೆ ಕರೆಂಟ್ ಹೋಗುವುದು ಅಪರೂಪ. ನಮ್ಮದು ಹಾಗಲ್ಲ. ನಾನು ಅನ್ನಕ್ಕೆ ಒಂದೇ ದಿನ ಅನ್ನುತ್ತೇನೆ. ಬ್ಯಾಳಿ, ಪಲ್ಯ ಬೇಗ ತಣ್ಣಗಾಗಿಸಿ ಇಟ್ಟಿದ್ದರೆ ಎರಡು ದಿನ, ಬಹಳವಾದರೆ ಮೂರು. ಬ್ಯಾಳಿಯದ್ದೂ ದಪ್ಪದ್ದೇ ಪ್ರಶ್ನೆ. ದೊಡ್ಡ ಬೋಗುಣಿಯಲ್ಲಿ ಬಿಡದೆ, ಅದನ್ನು ತಣ್ಣೀರಿನ ಟಬ್ಬಿನಲ್ಲಿ ಕೂಡಿಸಿ ಸೌಟು ಆಡಿಸಿ, ಸಣ್ಣ ಡಬ್ಬಿಗಳಿಗೆ ಹಂಚಿ. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಹೋಗಿದ್ದರೆ ಅನ್ನ ಬಿಸಾಡಿ. ದನಕ್ಕೂ ಬೇಡ, ನಾಯಿಗೂ ಬೇಡ. ಬಳಸುವಾಗ ಬೇಕಾದಷ್ಟನ್ನೇ ತೆಗೆದು, ನೀರು ಚಿಮುಕಿಸಿ, ಮುಚ್ಚಿ, ನಡುವಿನಿಂದಲೂ ಹಬೆ ಏಳುವವರೆಗೆ ಬಿಸಿ ಮಾಡಿ. ಮತ್ತೆ ಉಳಿದರೆ ಎರಡನೇ ಸಲ ಬಿಸಿ ಮಾಡುವ ಗೊಡವೆ ಬೇಡ.

ಅತ್ತೆಯವರ ಕಾಲದಲ್ಲಿ ಈ ಗೊಂದಲ ಕಡಿಮೆ ಇತ್ತು ಅನ್ನೋದನ್ನೂ ಒಪ್ಪಬೇಕು. ಊಟಕ್ಕೆ ರೊಟ್ಟಿ ಮುಂದು, ಅನ್ನ ಹಿಂದು. ಖಡಕ್ ರೊಟ್ಟಿಯಲ್ಲಿ ನೀರೇ ಇಲ್ಲ, ತಿಂಗಳುಗಟ್ಟಲೆ ಇಟ್ಟರೂ ಆ ಜೀವಿಗೆ ಬೆಳೆಯಲು ಜಾಗ ಸಿಗುವುದಿಲ್ಲ. ಅನ್ನ ಹೆಚ್ಚಾಗಿ ಹಬ್ಬಕ್ಕೋ ನೆಂಟರಿಗೋ ಆಗುತ್ತಿತ್ತು, ಅಂದೇ ಮುಗಿಯುತ್ತಿತ್ತು. ಈಗ ದಿನಾ ಎರಡು ಹೊತ್ತು ಕುಕ್ಕರ್ ಏಳುತ್ತದೆ, ಉಳಿಯುವುದೂ ದಿನಾ. ಹಾಗಾಗಿ ಅವರ ಮಾತನ್ನು ಅವರ ಮುಂದೆ ತಪ್ಪು ಅನ್ನಬೇಡಿ. ‘ಆರಿಸೋಣ ಅತ್ತೆ, ಪರಾತದಲ್ಲಿ ಆರಿಸೋಣ’ ಅನ್ನಿ, ಪರಾತ ಅವರ ಕೈಗೇ ಕೊಡಿ.