#VALUE! ಮರೆಯಾಗುವುದು ಮುಖ್ಯವಲ್ಲ, ಆ ಸೆಲ್ ಸರಿಯಾಗಬೇಕು

ಪ್ರಶ್ನೆ: ಎಕ್ಸೆಲ್‌ನಲ್ಲಿ ಸುಮ್ನೆ ನಾಲ್ಕು ಸೆಲ್ ಕೂಡಿಸಿದರೆ #VALUE! ಬರ್ತಿದೆ. ಒಂದು ಸೆಲ್‌ನಲ್ಲಿ ಡ್ಯಾಶ್ ಇದೆ, ಇನ್ನೊಂದರಲ್ಲಿ ಯಾರೋ ಏನೋ ಬರೆದಿದ್ದಾರೆ. ಈ ಎರರ್ ಕಾಣದ ಹಾಗೆ ಮಾಡೋದು ಹೇಗೆ?

ಕಾಣದ ಹಾಗೆ ಮಾಡಬೇಡಿ. ನಾನು ಅದನ್ನೇ ಮಾಡಿದ್ದೆ. ಇಬ್ಬರು ದುಡಿದ ಒಂದೊಂದು ವಾರ ಲೆಕ್ಕದಿಂದಲೇ ಬಿಟ್ಟುಹೋಯಿತು.

ಆಗ ನಮ್ಮ ತಂಡದವರ ಕೆಲಸದ ಗಂಟೆಗಳನ್ನು ತಿಂಗಳ ಕೊನೆಗೆ ಕೂಡಿಸಿ, ಸಂಬಳ ನೋಡಿಕೊಳ್ಳುವವರಿಗೆ ಕಳಿಸುವುದು ನನ್ನ ಕೆಲಸವಾಗಿತ್ತು. ಹಾಳೆ ಬಹಳ ಸರಳ. A ಕಾಲಮ್‌ನಲ್ಲಿ ಹೆಸರು, B ಯಿಂದ E ವರೆಗೆ ನಾಲ್ಕು ವಾರಗಳ ಗಂಟೆಗಳು, F ನಲ್ಲಿ ಒಟ್ಟು. ಗಂಟೆಗಳನ್ನು ಅವರವರೇ ತುಂಬುತ್ತಿದ್ದರು. F ನಲ್ಲಿದ್ದ ಫಾರ್ಮುಲಾ ಇಷ್ಟೇ:

```
=B2+C2+D2+E2
```

ಎರಡನೇ ಸಾಲಿನವರು ಮೊದಲ ವಾರ ರಜೆಯಲ್ಲಿದ್ದರು. ಅಲ್ಲಿ ಒಂದು ಡ್ಯಾಶ್ ಹಾಕಿ, ಮುಂದಿನ ಮೂರು ವಾರಕ್ಕೆ 40, 40, 32 ಎಂದು ತುಂಬಿದ್ದರು. ಮೂರನೇ ಸಾಲಿನಲ್ಲಿ 40, 38, ಆಮೇಲೆ "36 - ಅರ್ಧ ದಿನ ರಜೆ", ಕೊನೆಗೆ 40. ಎರಡೂ ಸಾಲಿನಲ್ಲಿ #VALUE! ಬಂತು. ನಾಲ್ಕನೇ ಸಾಲಿನಲ್ಲಿ 40, 42, 38, 35 ಇತ್ತು, ಒಟ್ಟು 155 ಎಂದು ಸರಿಯಾಗಿಯೇ ತೋರಿಸುತ್ತಿತ್ತು. ಈ ನಾಲ್ಕನೇ ಸಾಲನ್ನು ನೆನಪಿಟ್ಟುಕೊಳ್ಳಿ.

ಪಕ್ಕದಲ್ಲಿದ್ದವರೊಬ್ಬರು "ಪ್ಲಸ್ ತೆಗೆದು SUM ಹಾಕಿ, ಹೋಗುತ್ತೆ" ಎಂದರು. ನಿಮಗೂ ಹತ್ತು ಜನ ಇದನ್ನೇ ಹೇಳುತ್ತಾರೆ. F2 ನಲ್ಲಿ =SUM(B2:E2) ಎಂದು ಬರೆದು ಕೊನೆಯ ಸಾಲಿನವರೆಗೆ ಎಳೆದೆ. ಎರರ್ ಎಲ್ಲ ಮಾಯವಾಯಿತು. ಹಾಳೆ ಕಳಿಸಿದೆ.

ಏನಾಗಿತ್ತು ಅಂದರೆ, ಎರಡನೇ ಸಾಲಿನಲ್ಲಿ 112 ಬಂತು. ಅದು ಸರಿ, ರಜೆಯ ವಾರಕ್ಕೆ ಗಂಟೆ ಇಲ್ಲ. ಮೂರನೇ ಸಾಲಿನಲ್ಲಿ 118 ಬಂತು. ನಿಜವಾಗಿ 154 ಬರಬೇಕಿತ್ತು. ಅವರು ಬರೆದ 36 ಪೂರ್ತಿ ಬಿಟ್ಟುಹೋಗಿತ್ತು. ನಾಲ್ಕನೇ ಸಾಲಿನಲ್ಲಿ ಮೊದಲು 155 ಇದ್ದದ್ದು ಈಗ 113 ಆಗಿತ್ತು. ಯಾವ ತೊಂದರೆಯೂ ಇಲ್ಲದಿದ್ದ ಸಾಲು ಅದು! ಅದನ್ನು ನಾನೇ ಕೆಡಿಸಿದ್ದೆ. ಸಂಬಳ ಕಡಿಮೆ ಬಂದಾಗ ಮೂರನೇ ಸಾಲಿನವರು ಬಂದು ಕೇಳಿದರು. ನಾಲ್ಕನೇ ಸಾಲಿನವರು ಕೇಳಿರಲೂ ಇಲ್ಲ. ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟು ಒಂದೊಂದೇ ಸಾಲು ಹೋಲಿಸುವಾಗ ಅದು ಸಿಕ್ಕಿತು.

ಇದು ಯಾಕೆ ಹೀಗಾಯಿತು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಕಥೆ ಇರುವುದು ಇಲ್ಲೇ. ಪ್ಲಸ್ ಚಿಹ್ನೆ ಎದುರಿಗೆ ಸಿಕ್ಕಿದ್ದನ್ನು ಸಂಖ್ಯೆಯಾಗಿ ಓದಲು ಪ್ರಯತ್ನಿಸುತ್ತದೆ. ಖಾಲಿ ಸೆಲ್ ಇದ್ದರೆ ಸೊನ್ನೆ ಎಂದುಕೊಳ್ಳುತ್ತದೆ. 42 ಎಂಬುದು ಪಠ್ಯವಾಗಿ ಕೂತಿದ್ದರೂ ಅದನ್ನು ಸಂಖ್ಯೆ ಮಾಡಿಕೊಂಡು ಕೂಡುತ್ತದೆ. ಆದರೆ ಡ್ಯಾಶ್ ಅಥವಾ "36 - ಅರ್ಧ ದಿನ ರಜೆ" ಸಿಕ್ಕಿದರೆ ಅದನ್ನು ಸಂಖ್ಯೆ ಮಾಡಲಾಗದು. ಊಹೆ ಮಾಡದೆ ಅಲ್ಲೇ ನಿಂತು #VALUE! ಎನ್ನುತ್ತದೆ.

SUM ಹಾಗಲ್ಲ. ಅದಕ್ಕೆ ಸೆಲ್‌ಗಳ ಸಾಲನ್ನು ಕೊಟ್ಟರೆ ಅದು ಸಂಖ್ಯೆಗಳನ್ನು ಮಾತ್ರ ಆರಿಸಿಕೊಳ್ಳುತ್ತದೆ, ಪಠ್ಯವನ್ನು ಮಾತಿಲ್ಲದೆ ದಾಟಿ ಹೋಗುತ್ತದೆ. ಓದಲು ಪ್ರಯತ್ನಿಸುವುದೇ ಇಲ್ಲ. ನಾಲ್ಕನೇ ಸಾಲಿನ C ಸೆಲ್ ಮೊದಲೇ Text ಫಾರ್ಮ್ಯಾಟ್‌ನಲ್ಲಿತ್ತು. ಹಾಗಾಗಿ ಅಲ್ಲಿ ಟೈಪ್ ಮಾಡಿದ 42 ಕಣ್ಣಿಗೆ ಸಂಖ್ಯೆ, ಎಕ್ಸೆಲ್‌ಗೆ ಪಠ್ಯ. ಪ್ಲಸ್ ಅದನ್ನು ಕೂಡಿಸಿತ್ತು, SUM ಬಿಟ್ಟಿತು. ಅಂದರೆ ಎರಡೂ ಫಾರ್ಮುಲಾ ಒಂದೇ ಕೆಲಸ ಮಾಡುತ್ತವೆ ಎಂದು ನಂಬಿ ಎಲ್ಲ ಸಾಲಿಗೂ ಎಳೆದದ್ದೇ ನನ್ನ ತಪ್ಪು. ಎರರ್ ಇದ್ದ ಎರಡು ಸಾಲನ್ನು ಸರಿ ಮಾಡಲು ಹೋಗಿ, ಎರರ್ ಇಲ್ಲದ ಸಾಲನ್ನೂ ಬದಲಿಸಿದೆ. ಹಳೆಯ ಮೊತ್ತ, ಹೊಸ ಮೊತ್ತ ಹೋಲಿಸಿಯೂ ನೋಡಲಿಲ್ಲ.

ಹಾಗಾಗಿ "ಎರರ್ ಕಾಣದ ಹಾಗೆ ಮಾಡೋದು ಹೇಗೆ" ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಹಾಳೆಯಲ್ಲಿ ಎರರ್ ಬಂದಿರುವ ಸಾಲುಗಳೇ ಸದ್ಯಕ್ಕೆ ಹೆಚ್ಚು ಸುರಕ್ಷಿತ. ಅಲ್ಲಿ ತೊಂದರೆ ಇದೆ ಎಂದು ನಿಮಗೆ ಗೊತ್ತು. IFERROR ಹಾಕಿ ಸೊನ್ನೆ ತೋರಿಸುವುದಂತೂ SUM ಗಿಂತ ಕೆಟ್ಟದ್ದು. ಒಂದು ಡ್ಯಾಶ್ ಇದ್ದ ಕಾರಣಕ್ಕೆ ಉಳಿದ ಮೂರು ವಾರವೂ ಹೋಗಿ ಇಡೀ ಸಾಲು 0 ಆಗುತ್ತದೆ.

ಮೊದಲು ಆ ಸೆಲ್‌ಗಳು ಎಲ್ಲಿವೆ ಎಂದು ಹುಡುಕಿ. B ಯಿಂದ E ವರೆಗಿನ ಭಾಗವನ್ನು ಆಯ್ಕೆ ಮಾಡಿ, F5 ಒತ್ತಿ, Special ಗೆ ಹೋಗಿ, Constants ಆರಿಸಿ, ಅದರ ಕೆಳಗೆ Text ಒಂದನ್ನು ಬಿಟ್ಟು ಉಳಿದ ಟಿಕ್ ತೆಗೆಯಿರಿ. OK ಕೊಟ್ಟರೆ ಟೈಪ್ ಮಾಡಿದ ಪಠ್ಯ ಇರುವ ಸೆಲ್‌ಗಳೆಲ್ಲ ಒಟ್ಟಿಗೆ ಆಯ್ಕೆಯಾಗುತ್ತವೆ. ಅವು ಆಯ್ಕೆಯಲ್ಲಿ ಇರುವಾಗಲೇ ಬಣ್ಣ ತುಂಬಿಬಿಡಿ. ಡ್ಯಾಶ್, ಬರಹ, ಪಠ್ಯವಾಗಿ ಕೂತ 42, ಜೊತೆಗೆ ಬರೀ ಸ್ಪೇಸ್ ಒತ್ತಿ ಬಿಟ್ಟ ಸೆಲ್ ಕೂಡ ಇದರಲ್ಲಿ ಸಿಕ್ಕಿಬೀಳುತ್ತದೆ. ಸ್ಪೇಸ್ ಇರುವ ಸೆಲ್ ನೋಡಲು ಖಾಲಿ, ಆದರೆ ಪ್ಲಸ್‌ಗೆ ಅದೂ ಪಠ್ಯವೇ. ಖಾಲಿಯಂತೆ ಕಾಣುವ ಸಾಲಿನಲ್ಲಿ #VALUE! ಬಂದರೆ ಮೊದಲು ಅದನ್ನೇ ಅನುಮಾನಿಸಿ. ಫಾರ್ಮುಲಾದಿಂದ ಬಂದ "" ಕೂಡ ಹಾಗೆಯೇ ಕಾಡುತ್ತದೆ, ಅದು ಮಾತ್ರ Constants ನಲ್ಲಿ ಸಿಗುವುದಿಲ್ಲ.

ಗೂಗಲ್ ಶೀಟ್ಸ್‌ನಲ್ಲಾದರೆ ಎರರ್ ಸೆಲ್ ಮೇಲೆ ಮೌಸ್ ಇಟ್ಟರೆ ಸಾಕು, ಯಾವ ಪಠ್ಯದಿಂದ ತೊಂದರೆ ಎಂದು ಅದೇ ತೋರಿಸುತ್ತದೆ.

ಇನ್ನು ಡ್ಯಾಶ್. ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಬಾರ್ ನೋಡಿ. ಅಲ್ಲಿ 0 ಇದ್ದರೆ ಅದು ನಿಜವಾದ ಸೊನ್ನೆ. Accounting ಫಾರ್ಮ್ಯಾಟ್ ಸೊನ್ನೆಯನ್ನು ಡ್ಯಾಶ್ ಆಗಿ ತೋರಿಸುತ್ತದೆ, ಅದನ್ನು ಮುಟ್ಟಬೇಡಿ. ಅಲ್ಲಿಯೂ ಡ್ಯಾಶೇ ಇದ್ದರೆ ಯಾರೋ ಟೈಪ್ ಮಾಡಿದ್ದು. ಆಗ ಅದನ್ನು ಬರೆದವರನ್ನೇ ಕೇಳಿ: ಆ ವಾರ ಕೆಲಸ ಇರಲಿಲ್ಲವೋ, ಅಥವಾ ಲೆಕ್ಕ ಇನ್ನೂ ಕೊಟ್ಟಿಲ್ಲವೋ? ಕೆಲಸ ಇರಲಿಲ್ಲ ಎಂದರೆ 0 ಹಾಕಿ. ಲೆಕ್ಕ ಬಂದಿಲ್ಲ ಎಂದರೆ ಖಾಲಿ ಬಿಡಿ. ಮೊತ್ತಕ್ಕೆ ಎರಡೂ ಒಂದೇ, ಆದರೆ ಸರಾಸರಿಗೆ ಅಲ್ಲ. ನಮ್ಮ ಎರಡನೇ ಸಾಲಿಗೆ AVERAGE ಹಾಕಿದರೆ, ಮೊದಲ ವಾರ ಖಾಲಿ ಇದ್ದಾಗ 112 ಅನ್ನು 3 ರಿಂದ ಭಾಗಿಸಿ ಸುಮಾರು 37.3 ಬರುತ್ತದೆ. 0 ಇದ್ದಾಗ 4 ರಿಂದ ಭಾಗಿಸಿ 28 ಬರುತ್ತದೆ. ಒಂದು ಡ್ಯಾಶ್ ಬಿಡಿಸಿದ ರೀತಿಯಿಂದ ಒಬ್ಬ ಮನುಷ್ಯನ ವಾರದ ಸರಾಸರಿಯೇ ಬದಲಾಗುತ್ತದೆ, ಅಲ್ವಾ? ಅದಕ್ಕೇ ಇದನ್ನು ನೀವು ಊಹಿಸಬಾರದು.

ಎಲ್ಲ ಡ್ಯಾಶ್‌ಗಳ ಅರ್ಥ ಒಂದೇ ಎಂದು ಖಾತ್ರಿಯಾದ ಮೇಲೆ ಮಾತ್ರ Find and Replace ಬಳಸಿ. ಅದರಲ್ಲೂ Match entire cell contents ಟಿಕ್ ಮಾಡದೆ ಬಳಸಬೇಡಿ. ಟಿಕ್ ಇಲ್ಲದೆ "-" ತೆಗೆದು ಖಾಲಿ ಮಾಡಿದರೆ, -5 ಇದ್ದ ಸೆಲ್ 5 ಆಗುತ್ತದೆ. ಆಮೇಲೆ ಯಾವ ಎರರ್ ಕೂಡ ನಿಮ್ಮನ್ನು ಎಚ್ಚರಿಸುವುದಿಲ್ಲ. ಬೇರೆ ಕಡೆಯಿಂದ ಪೇಸ್ಟ್ ಆಗಿ ಬಂದ ಉದ್ದದ ಡ್ಯಾಶ್ ಬೇರೆಯೇ ಅಕ್ಷರ. ಅದನ್ನು ಬೇರೆಯಾಗಿ ಹುಡುಕಬೇಕು.

ಡ್ಯಾಶ್ ಕಾಣಲೇಬೇಕು ಎನ್ನುವವರಿದ್ದಾರೆ. ಅವರಿಗಾಗಿ Ctrl+1 ಒತ್ತಿ, Custom ನಲ್ಲಿ ಇದನ್ನು ಹಾಕಿ:

```
0.0;-0.0;"-"
```

ಮೂರನೇ ಭಾಗ ಸೊನ್ನೆಗೆ. ಒಳಗೆ 0, ಹೊರಗೆ ಡ್ಯಾಶ್. ಕೂಡಿಸುವಾಗ ತಕರಾರಿಲ್ಲ.

ಬರಹ ಇರುವ ಸೆಲ್‌ಗೆ ಒಂದೇ ಪರಿಹಾರ. ಸೆಲ್‌ನಲ್ಲಿ 36 ಮಾತ್ರ ಉಳಿಸಿ, "ಅರ್ಧ ದಿನ ರಜೆ" ಎಂಬುದನ್ನು ಪಕ್ಕದ ಕಾಲಮ್‌ಗೆ ಸಾಗಿಸಿ. ಅದನ್ನು ಅಳಿಸಬೇಡಿ, ಬರೆದವರು ಕಾರಣ ಇದ್ದೇ ಬರೆದಿದ್ದಾರೆ. ನಾನು ಹಾಳೆಗೆ "ಷರಾ" ಎಂಬ ಒಂದು ಕಾಲಮ್ ಸೇರಿಸಿದೆ. ಜನ ಗಂಟೆಯ ಸೆಲ್‌ನಲ್ಲಿ ಬರೆಯುತ್ತಿದ್ದದ್ದು ಬರೆಯಲು ಬೇರೆ ಜಾಗ ಇರಲಿಲ್ಲ ಎಂಬ ಕಾರಣಕ್ಕೆ. ಪಠ್ಯವಾಗಿ ಕೂತ ಸಂಖ್ಯೆಗೆ ಸೆಲ್‌ನ ಮೂಲೆಯಲ್ಲಿ ಹಸಿರು ತ್ರಿಕೋನ ಇರುತ್ತದೆ. ಆ ಸೆಲ್ ಆರಿಸಿ, ಬರುವ ಗುರುತಿನ ಮೇಲೆ ಒತ್ತಿ Convert to Number ಕೊಡಿ.

ಇಷ್ಟೆಲ್ಲ ಆದ ಮೇಲೆ F ನಲ್ಲಿ SUM ಇಡಿ, ನನ್ನ ಅಡ್ಡಿ ಇಲ್ಲ. ಆದರೆ ಪಕ್ಕದ G ನಲ್ಲಿ ಕಾವಲು ಬೇಕು:

```
=COUNTA(B2:E2)-COUNT(B2:E2)
```

COUNTA ಏನಾದರೂ ಇರುವ ಸೆಲ್‌ಗಳನ್ನು ಎಣಿಸುತ್ತದೆ, COUNT ಸಂಖ್ಯೆ ಇರುವವನ್ನು ಮಾತ್ರ. ವ್ಯತ್ಯಾಸ 0 ಇದ್ದರೆ SUM ಏನನ್ನೂ ಬಿಟ್ಟಿಲ್ಲ. ನನ್ನ ಹಳೆಯ ಹಾಳೆಗೆ ಇದನ್ನು ಹಾಕಿದರೆ ಎರಡು, ಮೂರು, ನಾಲ್ಕನೇ ಸಾಲು ಮೂರರಲ್ಲೂ 1 ಬರುತ್ತದೆ. ಪ್ಲಸ್‌ಗೆ ಗೊತ್ತಾಗದೇ ಹೋದ ನಾಲ್ಕನೇ ಸಾಲು ಕೂಡ ಇಲ್ಲಿ ಸಿಗುತ್ತದೆ. ಕೆಲವರು ಈ ಪರೀಕ್ಷೆಯನ್ನು F ಒಳಗೇ IF ಜೊತೆ ಸೇರಿಸಿ, ತೊಂದರೆ ಇದ್ದರೆ "ನೋಡಿ" ಎಂದು ಬರುವ ಹಾಗೆ ಮಾಡುತ್ತಾರೆ. ಅದು ಬೇಡ. F ಕಾಲಮ್‌ನ ಕೆಳಗೆ ನೀವು ಹಾಕಿರುವ ಒಟ್ಟು ಮೊತ್ತವೂ SUM ತಾನೇ? ಅದು "ನೋಡಿ" ಎಂಬ ಪಠ್ಯವನ್ನೂ ದಾಟಿ ಹೋಗುತ್ತದೆ, ಮತ್ತೆ ಅದೇ ತೊಂದರೆ ಒಂದು ಮೆಟ್ಟಿಲು ಮೇಲೆ ಬರುತ್ತದೆ.

Data Validation ನಲ್ಲಿ Decimal ಇಟ್ಟರೆ ಟೈಪ್ ಮಾಡುವವರು ಡ್ಯಾಶ್ ಹಾಕಲಾಗದು. ಅದನ್ನೂ ಹಾಕಿ. ಆದರೆ ಕಾಪಿ ಮಾಡಿ ಪೇಸ್ಟ್ ಮಾಡುವವರನ್ನು ಅದು ತಡೆಯುವುದಿಲ್ಲ, ಹಾಗಾಗಿ ಹಾಳೆ ಕಳಿಸುವ ಮುಂಚೆ G ಕಾಲಮ್‌ನಲ್ಲಿ ಎಲ್ಲ ಸೊನ್ನೆ ಇದೆಯಾ ಎಂದು ಪ್ರತಿ ಸಲವೂ ನೋಡಿ.